ಯಾವ ಔಷಧಿ ಹೊಡೀಬೇಕು, ಹೇಳವ್ವಾ?

ನಮ್ಮ ಕಾಲೇಜಿನಲ್ಲಿ ಮೊನ್ನೆ ಮೊದಲ ವರ್ಷದ ಬಿಎಸ್ಸಿ ಅಗ್ರಿ ವಿದ್ಯಾರ್ಥಿಗಳಿಗೆ ಸ್ವಾಗತ ಕಾರ್ಯಕ್ರಮ ಇತ್ತು. ಕೊನೆಯ ವರ್ಷದವರ ಪರವಾಗಿ ನಾನು ಮಾತಾಡಿದೆ. ವೇದಿಕೆಯ ಮೇಲೆ ಸಮಯ ಕಡಿಮೆ ಇತ್ತು. ಹೇಳಬೇಕಾದ ಕೆಲವು ವಿಷಯ ಅರ್ಧಕ್ಕೇ ನಿಂತವು. ಅದಕ್ಕೇ ಆ ಮಾತನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಿಮ್ಮ ಕೈಗೆ ಈಗಾಗಲೇ ಟೈಮ್ ಟೇಬಲ್ ಬಂದಿದೆ. ಮಣ್ಣು ವಿಜ್ಞಾನ ಒಂದು ಕಡೆ, ಬೇಸಾಯ ಶಾಸ್ತ್ರ ಇನ್ನೊಂದು ಕಡೆ. ಮುಂದೆ ತಳಿ ಅಭಿವೃದ್ಧಿ, ಸಸ್ಯರೋಗ, ಕೀಟ, ಸಂಖ್ಯಾಶಾಸ್ತ್ರ ಎಲ್ಲ ಬರುತ್ತವೆ. ಒಂದೊಂದಕ್ಕೂ ಬೇರೆ ಬೇರೆ ಕಟ್ಟಡ, ಬೇರೆ ಬೇರೆ ಮೇಷ್ಟ್ರು, ಬೇರೆ ಬೇರೆ ರೆಕಾರ್ಡ್ ಪುಸ್ತಕ. ಇವೆಲ್ಲ ಎಲ್ಲಿ ಸೇರುತ್ತವೆ ಅನ್ನೋದು ಮೊದಲ ಮೂರು ವರ್ಷ ಸರಿಯಾಗಿ ಕಾಣುವುದಿಲ್ಲ. ನನಗೆ ಅದು ಕಂಡದ್ದು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಅಂತ ಹಳ್ಳಿಯಲ್ಲಿ ಉಳಿದುಕೊಂಡಿದ್ದಾಗ, ಒಂದು ರಾಗಿ ಹೊಲದಲ್ಲಿ. ಇವತ್ತು ಆ ಒಂದು ಹೊಲದ ಬಗ್ಗೆ ಮಾತ್ರ ಹೇಳುತ್ತೇನೆ.

ಹೊಲ ಒಂದು ಎಕರೆ. ಕೆಂಪು ಮರಳು ಮಿಶ್ರಿತ ಭೂಮಿ, ಪೂರ್ತಿ ಮಳೆಯಾಶ್ರಿತ. ನಡುನಡುವೆ ಅವರೆ, ಜೋಳ, ಹುಚ್ಚೆಳ್ಳಿನ ಅಕ್ಕಡಿ ಸಾಲು. ಹೊಲದ ಒಡತಿಗೆ ಅರವತ್ತರ ಹತ್ತಿರ ವಯಸ್ಸು. ಎರಡು ಸೀಮೆಹಸು ಕಟ್ಟಿದ್ದಾರೆ. ನಾವೆಲ್ಲ ಅವರನ್ನು ಅಮ್ಮ ಅಂತಲೇ ಕರೆಯುತ್ತಿದ್ದೆವು. ಒಂದು ಬೆಳಿಗ್ಗೆ ನಾವಿದ್ದ ಕಡೆಗೇ ಬಂದು ಕರೆದರು. "ತೆನೆ ಚೆನ್ನಾಗೇ ಬಂದಿತ್ತು ಕಣವ್ವಾ. ಈಗ ನೋಡಿದ್ರೆ ಜೊಳ್ಳು ಹೊಡೀತಾ ಐತೆ. ಯಾವ ಔಷಧಿ ಹೊಡೀಬೇಕು, ಹೇಳವ್ವಾ?"

ಈ ಪ್ರಶ್ನೆಯನ್ನು ನೀವು ಮುಂದೆ ಬಹಳ ಸಲ ಕೇಳುತ್ತೀರಿ. ಅದಕ್ಕೆ ಒಂದು ಔಷಧಿಯ ಹೆಸರು ಹೇಳಿಬಿಡುವುದು ತುಂಬಾ ಸುಲಭ. ಪೇಟೆಯ ಅಂಗಡಿಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಕೃಷಿ ಓದಿದವರ ಕೆಲಸ ಹೆಸರು ಹೇಳುವುದಕ್ಕಿಂತ ಮುಂಚೆಯೇ ಶುರುವಾಗುತ್ತದೆ.

ಹೊಲಕ್ಕೆ ಹೋಗಿ ನೋಡಿದರೆ ಹಸಿರು ತೆನೆಗಳ ನಡುವೆ ಅಲ್ಲಲ್ಲಿ ಬಿಳಿಚಿಕೊಂಡ ತೆನೆ. ದೂರದಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಆದರೆ ರಾಗಿ ತೆನೆ ಕಾಳು ಕಟ್ಟದೆ ಬಿಳಿಚಿಕೊಳ್ಳುವುದಕ್ಕೆ ಮುಖ್ಯವಾಗಿ ಎರಡು ಕಾರಣ ಇರುತ್ತವೆ, ಎರಡಕ್ಕೂ ಸಂಬಂಧವೇ ಇಲ್ಲ. ಒಂದು ಕಾಂಡ ಕೊರೆಯುವ ಹುಳು. ಅದು ಕಾಂಡದ ಒಳಗೆ ಕೂತು ತಿನ್ನುತ್ತದೆ, ಮೇಲಕ್ಕೆ ಹೋಗುವ ನೀರು, ಆಹಾರ ಕಡಿದುಹೋಗುತ್ತದೆ. ಇನ್ನೊಂದು ಬೆಂಕಿರೋಗ. ಅದು ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಸಸಿಯಾಗಿದ್ದಾಗ ಎಲೆಗೆ ಬರುತ್ತದೆ. ತೆನೆ ಬಂದ ಮೇಲೆ ತೆನೆಯ ಕೆಳಗಿನ ಕುತ್ತಿಗೆಗೂ, ತೆನೆಯ ಬೆರಳಿನಂಥ ಇಲುಕುಗಳಿಗೂ ಬರುತ್ತದೆ. ಹುಳುವಿಗೆ ಹೊಡೆಯುವ ಔಷಧಿ ಬೂಷ್ಟಿಗೆ ಏನೂ ಮಾಡುವುದಿಲ್ಲ. ಬೂಷ್ಟಿನದು ಹುಳುವಿಗೆ ಏನೂ ಮಾಡುವುದಿಲ್ಲ. ಕಾರಣ ಗುರುತಿಸದೆ ಹೊಡೆದರೆ ದುಡ್ಡು, ಕೂಲಿ ಎರಡೂ ಮಣ್ಣುಪಾಲು.

ಗುರುತಿಸುವುದು ಕಷ್ಟವೇನಲ್ಲ, ಕೈ ಹಾಕಿ ನೋಡಬೇಕು ಅಷ್ಟೇ. ಬಿಳಿ ತೆನೆಯನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಹುಳುವಿನ ಕೆಲಸವಾಗಿದ್ದರೆ ತೆನೆ ಸುಲಭವಾಗಿ ಕಿತ್ತು ಬರುತ್ತದೆ, ಅದರ ಬುಡ ತಿಂದುಹೋಗಿರುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಹಿಕ್ಕೆ ಇರುತ್ತದೆ, ಕೆಲವು ಸಲ ನಸುಗೆಂಪು ಬಣ್ಣದ ಹುಳುವೇ ಸಿಗುತ್ತದೆ. ಬೆಂಕಿರೋಗವಾಗಿದ್ದರೆ ತೆನೆ ಹಾಗೆ ಕಿತ್ತು ಬರುವುದಿಲ್ಲ. ಬದಲಿಗೆ ತೆನೆಯ ಕೆಳಗೆ ಎರಡು ಮೂರು ಬೆರಳಗಲ ಕುತ್ತಿಗೆ ಕಪ್ಪಾಗಿ ಸೊರಗಿರುತ್ತದೆ. ಅಲ್ಲಿಗೇ ಮುರಿದು ಜೋತುಬಿದ್ದಿರಲೂಬಹುದು.

ಅಮ್ಮನ ಹೊಲದಲ್ಲಿ ನಾವು ಎಳೆದ ತೆನೆಗಳಲ್ಲಿ ಹೆಚ್ಚಿನವು ಕಿತ್ತು ಬರಲಿಲ್ಲ. ಕುತ್ತಿಗೆ ಕಪ್ಪಗಿತ್ತು. ಆದರೂ ಕಣ್ಣಿನ ಅಂದಾಜೊಂದನ್ನೇ ನಂಬಬಾರದು ಅಂತ ನಮ್ಮ ಸಸ್ಯರೋಗದ ಮೇಷ್ಟ್ರು ಯಾವಾಗಲೂ ಹೇಳುತ್ತಿದ್ದರು. ಕಪ್ಪಾದ ಕುತ್ತಿಗೆಯ ತುಂಡುಗಳನ್ನು ಒದ್ದೆ ಕಾಗದದ ಮೇಲೆ ಇಟ್ಟು, ಮೇಲೆ ಒಂದು ತಟ್ಟೆ ಮುಚ್ಚಿ ಇಟ್ಟೆವು. ಮಾರನೇ ದಿನ ತೆಗೆದು ನೋಡಿದರೆ ತುಂಡಿನ ಮೇಲೆ ಬೂದು ಬಣ್ಣದ ಮಖಮಲ್ಲಿನಂಥ ಬೆಳವಣಿಗೆ. ಅದರ ಒಂದು ಚೂರನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟಾಗ ಬೀಜಕಣಗಳು ಕಂಡವು. ಒಂದು ತುದಿ ದುಂಡು, ಇನ್ನೊಂದು ತುದಿ ಚೂಪು, ಒಳಗೆ ಎರಡು ಅಡ್ಡಗೋಡೆ, ಮೂರು ಕೋಣೆ. ಬೆಂಕಿರೋಗದ ಶಿಲೀಂಧ್ರದ ಗುರುತೇ ಅದು. ರೆಕಾರ್ಡ್ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದ ಚಿತ್ರ ಒಂದು ಎಕರೆ ರಾಗಿಯ ನಷ್ಟದ ಜೊತೆ ಸೇರಿದ್ದು ನನಗೆ ಆಗಲೇ. ನೀವು ಆ ಚಿತ್ರ ಬರೆಯುವಾಗ ಅಡ್ಡಗೋಡೆಗಳನ್ನು ಸರಿಯಾಗಿ ಎಣಿಸಿ ಬರೆಯಿರಿ.

ರೋಗ ಯಾವುದು ಅಂತ ಗೊತ್ತಾಯಿತು. ಎಷ್ಟು ಅನ್ನೋದು ಮುಂದಿನ ಪ್ರಶ್ನೆ. ಹೊಲದ ಬದುವಿನ ಮೇಲೆ ನಿಂತು "ಅರ್ಧ ಹೋಯ್ತು" ಅನ್ನುವುದು ಲೆಕ್ಕವಲ್ಲ. ಕಣ್ಣು ಯಾವಾಗಲೂ ಕೆಟ್ಟ ತೆನೆಗಳನ್ನೇ ಹುಡುಕುತ್ತದೆ. ಅದಕ್ಕೇ ಹೊಲದ ಐದು ಕಡೆ, ನಾವು ಆರಿಸಿಕೊಳ್ಳದ ಹಾಗೆ ಹೆಜ್ಜೆ ಲೆಕ್ಕದಲ್ಲಿ ನಿಂತು, ಒಂದೊಂದು ಚದರ ಮೀಟರಿನಲ್ಲಿರುವ ಎಲ್ಲ ತೆನೆಗಳನ್ನೂ ಎಣಿಸಬೇಕು. ಅದರಲ್ಲಿ ಕುತ್ತಿಗೆ ಕಪ್ಪಾದವು ಎಷ್ಟು ಅಂತ ಬೇರೆ ಎಣಿಸಬೇಕು. ಒಂದು ಕಡೆ 80 ತೆನೆ ಇದ್ದು 20 ಕಪ್ಪಾಗಿದ್ದರೆ ಅಲ್ಲಿ ನೂರಕ್ಕೆ 25. ಇಲ್ಲೊಂದು ವಿಷಯ ಗಮನಿಸಿ. ನೂರಕ್ಕೆ 25 ತೆನೆಗೆ ರೋಗ ಬಂದರೆ ಇಳುವರಿಯೂ ನೂರಕ್ಕೆ 25 ಕಡಿಮೆಯಾಗುತ್ತದೆ ಅಂತ ಅಲ್ಲ. ತೆನೆ ಹೊರಬಂದ ಕೂಡಲೇ ಕುತ್ತಿಗೆಗೆ ರೋಗ ಹಿಡಿದರೆ ಕಾಳೇ ಕಟ್ಟುವುದಿಲ್ಲ. ಹಾಲು ತುಂಬಿದ ಮೇಲೆ ಹಿಡಿದರೆ ಕಾಳು ಸಣ್ಣದಾಗಿ, ಸುಕ್ಕಾಗಿ ಉಳಿಯುತ್ತದೆ. ಹಾಗಾಗಿ ಎಷ್ಟು ತೆನೆ ಅನ್ನುವುದರ ಜೊತೆಗೆ ಯಾವ ಹಂತದಲ್ಲಿ ಅನ್ನುವುದನ್ನೂ ಬರೆದುಕೊಳ್ಳಬೇಕು.

ಈಗ ಅಮ್ಮನ ಪ್ರಶ್ನೆಗೆ ಉತ್ತರ ಕೊಡುವ ಹೊತ್ತು. ಉತ್ತರ, ಈಗ ಏನೂ ಹೊಡೆಯಬೇಡಿ ಅನ್ನೋದು.

ಅವರಿಗೆ ಇದು ಸಮಾಧಾನ ಕೊಡಲಿಲ್ಲ. ಯಾರಿಗೆ ತಾನೇ ಕೊಡುತ್ತದೆ? ಆದರೆ ಕುತ್ತಿಗೆ ಕಪ್ಪಾಯಿತು ಅಂದರೆ ತೆನೆಗೆ ಆಹಾರ ಹೋಗುವ ದಾರಿ ಸತ್ತಿದೆ ಅಂತ ಅರ್ಥ. ಸತ್ತ ಭಾಗವನ್ನು ಯಾವ ಔಷಧಿಯೂ ಮತ್ತೆ ಜೀವಂತ ಮಾಡುವುದಿಲ್ಲ. ಶಿಲೀಂಧ್ರನಾಶಕ ಹೊಡೆಯುವ ಕಾಲ ತೆನೆ ಹೊರಡುವಾಗ. ಆಗ ಕಾರ್ಬೆಂಡಜಿಮ್ ಲೀಟರ್ ನೀರಿಗೆ ಒಂದು ಗ್ರಾಂ ಬೆರೆಸಿ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಂದು ಸಲ ಸಿಂಪಡಿಸುತ್ತಾರೆ. ಅಮ್ಮನ ಹೊಲದಲ್ಲಿ ಆ ಕಾಲ ದಾಟಿಹೋಗಿತ್ತು. ಉಳಿದ ತೆನೆಗಳಲ್ಲಿ ಹೆಚ್ಚಿನವು ಕಾಳು ಗಟ್ಟಿಯಾಗುವ ಹಂತ ತಲುಪಿದ್ದವು. ಈಗ ಔಷಧಿ, ಆಳಿನ ಕೂಲಿ ಅಂತ ಖರ್ಚು ಮಾಡಿದರೆ ನಷ್ಟದ ಮೇಲೆ ಇನ್ನೊಂದು ನಷ್ಟ. ಹೊಡೆಯಬೇಡಿ ಅಂತ ಕಾರಣ ಸಮೇತ ಹೇಳುವುದಕ್ಕೆ ಜಾಸ್ತಿ ಓದು ಬೇಕು ಅಂತ ನನಗೆ ಅನ್ನಿಸಿದ್ದು ಆವತ್ತೇ.

ಹಾಗಾದರೆ ಮುಂದಿನ ವರ್ಷ? ಅದಕ್ಕೆ ಈ ವರ್ಷ ಯಾಕೆ ಹೀಗಾಯಿತು ಅಂತ ಹುಡುಕಬೇಕು. ರೋಗದ ಬೀಜಕಣ ಗಾಳಿಯಲ್ಲಿ ಎಲ್ಲ ಹೊಲಕ್ಕೂ ಬರುತ್ತದೆ. ಎಲ್ಲ ಹೊಲವೂ ಹೀಗೆ ಕೆಡುವುದಿಲ್ಲ. ಪಕ್ಕದ ಹೊಲದಲ್ಲೇ ಅಲ್ಲೊಂದು ಇಲ್ಲೊಂದು ತೆನೆ ಬಿಟ್ಟರೆ ಉಳಿದದ್ದು ಚೆನ್ನಾಗಿತ್ತು. ನಾವು ಅಮ್ಮನ ಜಗಲಿಯ ಮೇಲೆ ಕೂತು ಬಿತ್ತನೆಯಿಂದ ಶುರು ಮಾಡಿ ಒಂದೊಂದೇ ಕೇಳಿದೆವು. ಅವರು ತಾರೀಕು ಹೇಳಲಿಲ್ಲ, ಮಳೆ ಹೆಸರು ಹೇಳಿದರು. ನಿಮಗೆ ಇಪ್ಪತ್ತೇಳು ಮಳೆಗಳ ಹೆಸರು ಗೊತ್ತಿಲ್ಲದಿದ್ದರೆ ಕಲಿತುಕೊಳ್ಳಿ. ಹಳ್ಳಿಯಲ್ಲಿ ಬೆಳೆಯ ದಾಖಲೆ ಇರುವುದೇ ಅದರಲ್ಲಿ.

ಪುಷ್ಯ ಮಳೆಗೆ, ಅಂದರೆ ಜುಲೈ ಕೊನೆಯ ಹೊತ್ತಿಗೆ, ಕೂರಿಗೆಯಲ್ಲಿ ಬಿತ್ತಿದ್ದಾರೆ. ಬಿತ್ತುವಾಗ ಒಂದು ಮೂಟೆ ಡಿಎಪಿ ಹಾಕಿದ್ದಾರೆ. ತಿಂಗಳಿಗೆ ಸರಿಯಾಗಿ ಮೇಲುಗೊಬ್ಬರ ಕೊಡಬೇಕಿತ್ತು. ಆದರೆ ಮಘೆ, ಹುಬ್ಬೆ ಎರಡೂ ಕೈಕೊಟ್ಟವು. ಒಣ ನೆಲಕ್ಕೆ ಯೂರಿಯಾ ಚೆಲ್ಲುವ ಹಾಗಿಲ್ಲ, ಅದು ಸರಿಯೇ. ಕಾದರು. ಸೆಪ್ಟೆಂಬರ್ ನಡುವೆ ಉತ್ತರೆ ಮಳೆ ಬಿತ್ತು. ಆಗ ಒಂದು ಮೂಟೆ ಯೂರಿಯಾವನ್ನು ಒಂದೇ ಸಲ ಹಾಕಿದರು. ಪೈರು ನಾಲ್ಕೇ ದಿನದಲ್ಲಿ ಕಡುಹಸಿರಾಯಿತು. ಊರಲ್ಲೆಲ್ಲ ಇವರ ಹೊಲದ ಮಾತೇ. ಅದರ ಹಿಂದೆಯೇ ಹಸ್ತ ಮಳೆ. ಹಗಲೆಲ್ಲ ಮೋಡ, ಸೋನೆ, ಬೆಳಗಿನ ಜಾವ ಇಬ್ಬನಿ. ಸರಿಯಾಗಿ ಆಗಲೇ ತೆನೆ ಹೊರಗೆ ಬಂತು.

ಈಗ ಲೆಕ್ಕ ಹಾಕೋಣ. ಇದು ನಿಮಗೆ ಬೇಸಾಯ ಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಬರುವ ಲೆಕ್ಕವೇ. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕೆಜಿ ಸಾರಜನಕ, 40 ಕೆಜಿ ರಂಜಕ ಅಂತ ಶಿಫಾರಸು. ಪೊಟ್ಯಾಷ್ ಬೇರೆ ಇದೆ, ಈಗ ಅದನ್ನು ಬಿಡೋಣ. ಎಕರೆಗೆ ಇಳಿಸಿದರೆ 20 ಕೆಜಿ ಸಾರಜನಕ, 16 ಕೆಜಿ ರಂಜಕ. ಡಿಎಪಿಯಲ್ಲಿ ನೂರಕ್ಕೆ 18 ಸಾರಜನಕ, 46 ರಂಜಕ. 16 ಕೆಜಿ ರಂಜಕ ಬೇಕಾದರೆ ಸುಮಾರು 35 ಕೆಜಿ ಡಿಎಪಿ ಸಾಕು. ಅದರಲ್ಲೇ 6 ಕೆಜಿ ಚಿಲ್ಲರೆ ಸಾರಜನಕವೂ ಬರುತ್ತದೆ. ಉಳಿದದ್ದು ಹದಿನಾಲ್ಕು ಕೆಜಿಯ ಹತ್ತಿರ. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ, ಅಂದರೆ ಸುಮಾರು 30 ಕೆಜಿ ಯೂರಿಯಾ. ಅದರಲ್ಲಿ 8 ಕೆಜಿ ಬಿತ್ತುವಾಗ, 22 ಕೆಜಿ ತಿಂಗಳ ಪೈರಿಗೆ.

ಅಮ್ಮ ಹಾಕಿದ್ದು 50 ಕೆಜಿ ಡಿಎಪಿ, 45 ಕೆಜಿ ಯೂರಿಯಾ. ಮೂಟೆ ಇರುವುದೇ ಅಷ್ಟಕ್ಕೆ. ಅದರಲ್ಲಿ ಸಾರಜನಕ 9 ಕೆಜಿ ಮತ್ತು 20.7 ಕೆಜಿ, ಒಟ್ಟು ಸುಮಾರು 30. ಶಿಫಾರಸಿನ ಒಂದೂವರೆ ಪಾಲು. ಕೊಟ್ಟಿಗೆ ಗೊಬ್ಬರದಿಂದ ಬಂದದ್ದು ಇದರಲ್ಲಿ ಸೇರಿಲ್ಲ. ಆದರೆ ನನಗೆ ಒಟ್ಟು ಲೆಕ್ಕಕ್ಕಿಂತ ಮುಖ್ಯ ಅನ್ನಿಸುವುದು ಹೊತ್ತು. ಅದರಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಸಾರಜನಕ ತೆನೆ ಹೊರಡುವ ಸ್ವಲ್ಪ ಮುಂಚೆ ಒಂದೇ ಸಲ ಸಿಕ್ಕಿದೆ. ಸಾರಜನಕ ಹೆಚ್ಚಾದಾಗ ಎಲೆ, ಕಾಂಡ ಎಳೆಯದಾಗಿ, ಮೆತ್ತಗೆ ಬೆಳೆಯುತ್ತವೆ. ಪೈರು ಒತ್ತಾಗಿ ಒಳಗೆ ಗಾಳಿಯಾಡುವುದಿಲ್ಲ, ಬಿದ್ದ ಇಬ್ಬನಿ ಬೇಗ ಆರುವುದಿಲ್ಲ. ಬೀಜಕಣ ಮೊಳೆಯಲು ಬೇಕಾದದ್ದು ಅದೇ, ಗಂಟೆಗಟ್ಟಲೆ ಉಳಿಯುವ ತೇವ. ಪಕ್ಕದ ಹೊಲದವರೂ ಅದೇ ಮಳೆ ಕಂಡವರು, ಅದೇ ಇಬ್ಬನಿ. ಅವರು ಯೂರಿಯಾ ಹಾಕಿದ್ದು ಅರ್ಧ ಮೂಟೆ. ಮತ್ತೆ ಅವರ ತಳಿಯೂ ಬೇರೆ.

ತಳಿಯ ವಿಷಯಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇದನ್ನು ಹೇಳದೆ ನಾನು ರಾಗಿಯ ಮಾತು ಮುಗಿಸಲಾರೆ.

ರಾಗಿ ಮೂಲದಲ್ಲಿ ಪೂರ್ವ ಆಫ್ರಿಕಾದ ಬೆಳೆ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂತು. ದೇಶದಲ್ಲಿ ಬೆಳೆಯುವ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಕರ್ನಾಟಕದ್ದೇ. ಇಷ್ಟು ಹಳೆಯ ಬೆಳೆಯಾದರೂ ಅದರ ತಳಿಗಳನ್ನು ಒಂದಕ್ಕೊಂದು ಕೂಡಿಸಿ ಹೊಸ ತಳಿ ಮಾಡುವುದು ಬಹಳ ಕಾಲ ದೊಡ್ಡ ತೊಡಕಾಗಿತ್ತು. ಕಾರಣ ಅದರ ಹೂವು. ನೀವು ರಾಗಿ ಹೂವನ್ನು ಯಾವತ್ತಾದರೂ ನೋಡಿದ್ದೀರಾ? ಹೊಲದ ಬದುವಿನಲ್ಲೇ ಬೆಳೆದ ನಾನೂ ಕಾಲೇಜಿಗೆ ಬಂದ ಮೇಲೆಯೇ ನೋಡಿದ್ದು. ಅಷ್ಟು ಸಣ್ಣದು. ಅರಳುವುದು ನಡುರಾತ್ರಿ ಕಳೆದು ಬೆಳಕು ಹರಿಯುವುದರೊಳಗೆ. ಅರಳುವಾಗಲೇ ತನ್ನ ಪರಾಗ ತನ್ನ ಮೇಲೇ ಬಿದ್ದು ಕೆಲಸ ಮುಗಿದಿರುತ್ತದೆ. ಬೇರೆ ತಳಿಯ ಪರಾಗ ಹಾಕಬೇಕು ಅಂದರೆ ಮೊದಲು ಈ ಹೂವಿನ ಸ್ವಂತ ಪರಾಗವನ್ನು ಕೆಲಸಕ್ಕೆ ಬಾರದ ಹಾಗೆ ಮಾಡಬೇಕು. ಇಷ್ಟು ಸಣ್ಣ ಹೂವಿನಲ್ಲಿ ಚಿಮುಟದಿಂದ ಕೇಸರ ಕೀಳುವುದು ಒಂದೆರಡು ಹೂವಿಗೆ ಆಗಬಹುದು, ನೂರಾರು ಹೂವಿಗೆ ಆಗುವ ಮಾತಲ್ಲ.

ಅದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಹೆಣ್ಣಾಗಬೇಕಾದ ತೆನೆಯನ್ನು ಹದವಾದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದುತ್ತಾರೆ. ಪರಾಗ ಸಾಯುತ್ತದೆ, ಹೆಣ್ಣು ಭಾಗ ಉಳಿಯುತ್ತದೆ. ಆಮೇಲೆ ಗಂಡು ತಳಿಯ ತೆನೆಯನ್ನು ಅದರ ಪಕ್ಕಕ್ಕೆ ತಂದು, ಎರಡನ್ನೂ ಒಟ್ಟಿಗೆ ಕಟ್ಟಿ, ಕಾಗದದ ಚೀಲ ಮುಚ್ಚುತ್ತಾರೆ. ಉಳಿದದ್ದು ರಾತ್ರಿ ತಾನಾಗೇ ಆಗುತ್ತದೆ. ಆದರೆ ಕಟ್ಟಿದ ಕಾಳೆಲ್ಲ ಮಿಶ್ರವೇ ಅಂತ ಹೇಗೆ ಹೇಳುವುದು? ಬಿಸಿನೀರಿಗೆ ಸಾಯದೆ ಉಳಿದ ಪರಾಗವೂ ಇರಬಹುದು. ಅದಕ್ಕೆ ಗಂಡಾಗಿ ಆರಿಸುವುದು ಗೆಣ್ಣು ನೇರಳೆ ಬಣ್ಣ ಇರುವ ತಳಿಯನ್ನು, ಹೆಣ್ಣಾಗಿ ಹಸಿರು ಗೆಣ್ಣಿನದನ್ನು. ಬಂದ ಕಾಳು ಬಿತ್ತಿ, ಯಾವ ಸಸಿಯ ಗೆಣ್ಣು ನೇರಳೆಯಾಗಿದೆಯೋ ಅದು ಮಿಶ್ರತಳಿ. ಹಸಿರಾದದ್ದನ್ನು ಕಿತ್ತು ಎಸೆಯುವುದು. ನೇರಳೆ ಬಣ್ಣ ಪ್ರಬಲ ಗುಣ ಅನ್ನುವ ಒಂದು ಸಾಲು, ನೀವು ಪಿಯುಸಿಯಲ್ಲಿ ಬಟಾಣಿಯ ಉದಾಹರಣೆಯಲ್ಲಿ ಓದಿದ್ದು, ಇಲ್ಲಿ ರಾಗಿಯ ಕೆಲಸಕ್ಕೆ ಬರುತ್ತದೆ.

ಮಂಡ್ಯದ ವಿ.ಸಿ. ಫಾರಂನಲ್ಲಿ ಈ ಕೆಲಸಕ್ಕೆ ಬದುಕನ್ನೇ ಕೊಟ್ಟವರು ಲಕ್ಷ್ಮಣಯ್ಯ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆಯುತ್ತಾರೆ. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ, ಇವೆಲ್ಲ ಅವರ ತಳಿಗಳು. ಆಮೇಲೆ ಅವರು ನಮ್ಮ ತಳಿಗಳನ್ನು ಆಫ್ರಿಕಾದ ತಳಿಗಳ ಜೊತೆ ಕೂಡಿಸಿದರು. ಆಫ್ರಿಕಾದವು ದಪ್ಪ ಕಾಂಡ, ದೊಡ್ಡ ತೆನೆಯವು. ನಮ್ಮವು ಇಲ್ಲಿನ ಮಳೆಗೆ, ಇಲ್ಲಿನ ಹಂಗಾಮಿಗೆ ಹೊಂದಿದವು. ಎರಡೂ ಸೇರಿ ಇಂಡಾಫ್ ತಳಿಗಳು ಬಂದವು, 1970ರ ದಶಕದಿಂದ ಹೊಲಗಳಿಗೆ ಇಳಿದವು. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ ನೋಡಿ, ಇಂಡಾಫ್ ಅನ್ನುವ ಹೆಸರು ಅವರಿಗೆ ಗೊತ್ತಿರುತ್ತದೆ.

ಅಮ್ಮ ಬಿತ್ತಿದ್ದೂ ಅದನ್ನೇ. "ನಮ್ದು ಇಂಡಾಪ್ ರಾಗಿ ಕಣವ್ವಾ, ಯಾವಾಗ್ಲೂ ಮನೆ ಬೀಜಾನೇ" ಅಂದರು. ರಾಗಿಯಲ್ಲಿ ಮನೆ ಬೀಜ ಇಟ್ಟುಕೊಳ್ಳುವುದು ತಪ್ಪಲ್ಲ. ಸ್ವಂತ ಪರಾಗದ ಬೆಳೆ, ಅದಕ್ಕೇ ತಳಿ ಬೇಗ ಕೆಡುವುದಿಲ್ಲ. ಮೆಕ್ಕೆಜೋಳದ ಹೈಬ್ರಿಡ್ ಹಾಗಲ್ಲ. ತೊಂದರೆ ಬೇರೆ ಕಡೆ ಇದೆ. ಇಂಡಾಫ್ ತಳಿಗಳಲ್ಲಿ ಇಂಡಾಫ್-5, ಇಂಡಾಫ್-9ರಂಥವಕ್ಕೆ ಬೆಂಕಿರೋಗ ಸುಲಭವಾಗಿ ಬರುತ್ತದೆ. ಅದನ್ನು ಸರಿಪಡಿಸಲು ಬೆಂಗಳೂರಿನ ಜಿಕೆವಿಕೆಯಲ್ಲಿ ಇಂಡಾಫ್-9ನ್ನು ರೋಗ ತಡೆಯುವ ಐಇ-1012 ಅನ್ನುವ ತಳಿಗೆ ಕೂಡಿಸಿ, ಬಂದದ್ದನ್ನು ಇಂಡಾಫ್-5ಕ್ಕೆ ಕೂಡಿಸಿದರು. ಹಾಗೆ ಆರಿಸುತ್ತಾ ಹೋಗಿ ಬಂದದ್ದು ಜಿಪಿಯು-28. 1990ರ ದಶಕದಲ್ಲಿ ಬಿಡುಗಡೆಯಾಯಿತು. ಸುಮಾರು 110ರಿಂದ 115 ದಿನದ ತಳಿ. ಇವತ್ತಿಗೂ ನಮ್ಮ ಕಡೆ ಹೊಲ ಹೊಲದಲ್ಲಿದೆ. ಪಕ್ಕದ ಹೊಲದಲ್ಲಿ ಇದ್ದದ್ದು ಅದೇ.

ಇಲ್ಲೊಂದು ಎಚ್ಚರ ಬೇಕು. ರೋಗ ತಡೆಯುವ ತಳಿ ಅಂದರೆ ರೋಗವೇ ಬಾರದ ತಳಿ ಅಂತ ಅಲ್ಲ. ಜಿಪಿಯು-28ರಲ್ಲೂ ಅಲ್ಲೊಂದು ಇಲ್ಲೊಂದು ಕಪ್ಪು ಕುತ್ತಿಗೆ ಇತ್ತು ಅಂದೆನಲ್ಲ. ಶಿಲೀಂಧ್ರವೂ ಬದಲಾಗುತ್ತಲೇ ಇರುತ್ತದೆ. ಒಂದೇ ತಳಿಯನ್ನು ಜಿಲ್ಲೆಗಟ್ಟಲೆ ವರ್ಷಾನುಗಟ್ಟಲೆ ಬೆಳೆದರೆ, ಆ ತಡೆಯನ್ನು ದಾಟುವ ರೂಪ ಬಂದಾಗ ಅದಕ್ಕೆ ಎಲ್ಲ ಕಡೆಯೂ ದಾರಿ ತೆರೆದಿರುತ್ತದೆ. ಹಾಗಾಗಿ ತಳಿ ಮಾಡುವವರ ಕೆಲಸಕ್ಕೆ ಕೊನೆ ಇಲ್ಲ. ನಿಮ್ಮಲ್ಲಿ ಕೆಲವರಾದರೂ ಆ ಕೆಲಸಕ್ಕೆ ಹೋಗಬೇಕು ಅಂತ ನನಗೆ ಆಸೆ.

ಇಷ್ಟೆಲ್ಲ ಆದ ಮೇಲೆ ಅಮ್ಮನಿಗೆ ಹೇಳುವುದು ಸುಲಭ ಅನ್ನಿಸಿತು. ತಳಿ ಬದಲಾಯಿಸಿ, ಯೂರಿಯಾ ಕಡಿಮೆ ಮಾಡಿ, ಬೀಜಕ್ಕೆ ಉಪಚಾರ ಮಾಡಿ. ಬೀಜೋಪಚಾರಕ್ಕೆ ಅವರು ತಕ್ಷಣ ಒಪ್ಪಿದರು. ಕೂರಿಗೆಯಲ್ಲಿ ಬಿತ್ತಲು ಎಕರೆಗೆ ನಾಲ್ಕೈದು ಕೆಜಿ ಬೀಜ, ಕೆಜಿಗೆ 2 ಗ್ರಾಂ ಕಾರ್ಬೆಂಡಜಿಮ್, ಒಟ್ಟು ಹತ್ತು ಗ್ರಾಂ ಒಳಗೇ ಮುಗಿಯುತ್ತದೆ. ಬೀಜದ ಜೊತೆ ಬರುವ ರೋಗವನ್ನು ಅದು ತಡೆಯುತ್ತದೆ, ಸಸಿ ಚೆನ್ನಾಗಿ ಏಳುತ್ತದೆ. ಎರಡು ತಿಂಗಳ ಮೇಲೆ ಗಾಳಿಯಲ್ಲಿ ಬರುವ ಬೀಜಕಣವನ್ನು ಅದು ತಡೆಯಲಾರದು. ಅದನ್ನೂ ಬಿಡಿಸಿ ಹೇಳಿದೆವು.

ಯೂರಿಯಾ ಕಡಿಮೆ ಮಾಡಿ ಅಂದಾಗ ಅಮ್ಮ ತಲೆ ಆಡಿಸಲಿಲ್ಲ. ಕೊಟ್ಟಿಗೆ ಕಡೆ ಕೈ ತೋರಿಸಿದರು. "ನೀವು ಬರೀ ತೆನೆ ಲೆಕ್ಕ ಹೇಳ್ತೀರಿ. ನಂಗೆ ಹುಲ್ಲೂ ಬೇಕಲ್ವೇನವ್ವಾ? ಈ ಎರಡು ಹಸಾ ಬೇಸ್ಗೇಲಿ ಏನ್ ತಿಂತವೆ?"

ಎಂಥ ಸರಿಯಾದ ಮಾತು ನೋಡಿ. ರಾಗಿ ಬರುವುದು ವರ್ಷಕ್ಕೆ ಒಂದು ಸಲ. ಹಾಲಿನ ದುಡ್ಡು ಡೇರಿಯಿಂದ ತಪ್ಪದೆ ಬರುತ್ತದೆ, ಮನೆ ನಡೆಯುವುದು ಅದರಲ್ಲಿ. ಯೂರಿಯಾ ಜಾಸ್ತಿ ಹಾಕಿದರೆ ಹುಲ್ಲು ಎತ್ತರ ಬರುತ್ತದೆ ಅನ್ನೋದು ಅವರ ವರ್ಷಗಳ ಅನುಭವ, ಅದು ಸುಳ್ಳಲ್ಲ. ನಮ್ಮ ಶಿಫಾರಸಿನಲ್ಲಿ ಇಳುವರಿ ಅಂದರೆ ಕಾಳು ಅಂತಲೇ ನಾವು ಓದಿಕೊಂಡಿದ್ದೆವು. ಅವರ ಮನೆಯಲ್ಲಿ ಇಳುವರಿ ಅಂದರೆ ಕಾಳೂ ಹೌದು, ಹುಲ್ಲೂ ಹೌದು. ಹುಲ್ಲಿಗಾಗಿಯೇ ಎತ್ತರದ ತಳಿ ಆರಿಸುವ ರೈತರು ಬೇಕಾದಷ್ಟು ಜನ ಇದ್ದಾರೆ. ಹುಲ್ಲು ಎಷ್ಟು ಕಡಿಮೆಯಾಗುತ್ತದೆ, ಅದಕ್ಕೆ ಬದಲು ಕಾಳು ಎಷ್ಟು ಉಳಿಯುತ್ತದೆ ಅನ್ನುವುದನ್ನು ಅವರ ಮಣ್ಣಿನಲ್ಲಿ ತೋರಿಸದೆ ಅವರು ಯಾಕೆ ಒಪ್ಪಬೇಕು?

ಇನ್ನೊಂದು ಪ್ರಶ್ನೆ ನಮ್ಮಲ್ಲೇ ಎದ್ದಿತು. ಪಕ್ಕದ ಹೊಲ ಚೆನ್ನಾಗಿದ್ದದ್ದು ತಳಿಯಿಂದಲೋ, ಯೂರಿಯಾ ಕಡಿಮೆ ಹಾಕಿದ್ದರಿಂದಲೋ? ಎರಡೂ ಒಟ್ಟಿಗೇ ಬೇರೆಯಾಗಿದ್ದಾಗ ಹೇಳಲು ಬರುವುದಿಲ್ಲ. ನಾನು ಎರಡೂ ಸೇರಿ ಅಂತ ನಂಬಿದ್ದೇನೆ. ಆದರೆ ನಂಬಿಕೆ ಪುರಾವೆಯಲ್ಲ.

ಅದಕ್ಕೇ ಈ ಮುಂಗಾರಿಗೆ ಅಮ್ಮನ ಹೊಲದಲ್ಲೇ ಒಂದು ಪ್ರಯೋಗ ಇಡೋಣ ಅಂತ ಮಾತಾಗಿದೆ. ಬೀಜ ಎರಡು ಬಗೆ, ಅವರ ಮನೆ ಬೀಜ ಮತ್ತು ಜಿಪಿಯು-28. ಯೂರಿಯಾ ಎರಡು ಬಗೆ, ಅವರ ಪದ್ಧತಿ ಮತ್ತು ನಾನು ಆಗಲೇ ಹೇಳಿದ ಲೆಕ್ಕ. ಎರಡನ್ನು ಎರಡಕ್ಕೆ ಕೂಡಿಸಿದರೆ ನಾಲ್ಕು ಬಗೆಯ ತಾಕು. ಪ್ರತಿಯೊಂದನ್ನೂ ಮೂರು ಸಲ, ಒಟ್ಟು ಹನ್ನೆರಡು ತಾಕು.

ಯಾಕೆ ಮೂರು ಸಲ, ಒಂದೊಂದೇ ಸಾಲದಾ ಅಂತ ಕೇಳಬಹುದು. ಹೊಲ ಇಳಿಜಾರಿದೆ. ಮೇಲಿನ ತಲೆಯಲ್ಲಿ ಮಣ್ಣು ತೆಳು, ಕೆಳಗಿನ ತಲೆಯಲ್ಲಿ ಕೊಚ್ಚಿಬಂದ ಮಣ್ಣು, ತೇವ ಎರಡೂ ಜಾಸ್ತಿ. ಜಿಪಿಯು-28 ಒಂದೇ ತಾಕಿನಲ್ಲಿ ಇದ್ದು, ಅದು ಕೆಳಗೇ ಬಿದ್ದರೆ, ಚೆನ್ನಾಗಿ ಬಂದದ್ದು ತಳಿಯಿಂದಲೋ ಜಾಗದಿಂದಲೋ ಅಂತ ಮತ್ತೆ ಅದೇ ಗೊಂದಲ. ಅದಕ್ಕೆ ಹೊಲವನ್ನು ಇಳಿಜಾರಿಗೆ ಅಡ್ಡವಾಗಿ ಮೂರು ಪಟ್ಟಿ ಮಾಡುತ್ತೇವೆ, ಮೇಲಿನದು, ನಡುವಿನದು, ಕೆಳಗಿನದು. ಪ್ರತಿ ಪಟ್ಟಿಯಲ್ಲೂ ನಾಲ್ಕೂ ಬಗೆ ಇರುತ್ತವೆ. ಯಾವುದು ಎಲ್ಲಿ ಅನ್ನುವುದನ್ನು ನಾವು ಆರಿಸುವುದಿಲ್ಲ, ಚೀಟಿ ಎತ್ತುತ್ತೇವೆ. ನಾವು ಆರಿಸಿದರೆ ನಮಗೆ ಇಷ್ಟವಾದದ್ದಕ್ಕೆ ಒಳ್ಳೆಯ ಜಾಗ ಕೊಟ್ಟುಬಿಡುತ್ತೇವೆ, ಗೊತ್ತಿಲ್ಲದೇನೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಈ ಕ್ರಮವನ್ನು ರೂಪಿಸಿದ್ದು 1920ರ ದಶಕದಲ್ಲಿ, ಗೊಬ್ಬರದ ಪ್ರಯೋಗಗಳ ನಡುವೆಯೇ. ಸಂಖ್ಯಾಶಾಸ್ತ್ರದ ಪೇಪರ್ ಯಾಕಪ್ಪಾ ನಮಗೆ ಅಂತ ನಿಮಗೆ ಅನ್ನಿಸಿದಾಗ ಈ ಇಳಿಜಾರನ್ನು ನೆನಪು ಮಾಡಿಕೊಳ್ಳಿ.

ತಾಕು ತಾಕಿನ ನಡುವೆ ಒಂದು ಸಣ್ಣ ಬದು, ಜೊತೆಗೆ ಒಂದೂವರೆ ಅಡಿ ಖಾಲಿ ಜಾಗ ಬಿಡುತ್ತೇವೆ. ಇಲ್ಲದಿದ್ದರೆ ಮಳೆ ನೀರಿನಲ್ಲಿ ಒಂದು ತಾಕಿನ ಯೂರಿಯಾ ಇನ್ನೊಂದಕ್ಕೆ ಹರಿದುಹೋಗುತ್ತದೆ. ತಾಕಿನ ಅಂಚಿನ ಸಾಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಂಚಿನ ಗಿಡಕ್ಕೆ ಬಿಸಿಲು, ಜಾಗ ಜಾಸ್ತಿ. ತೆನೆ ಬಂದ ಮೇಲೆ ಪ್ರತಿ ತಾಕಿನಲ್ಲೂ ಕಪ್ಪು ಕುತ್ತಿಗೆ ಎಣಿಕೆ. ಎಣಿಸುವವರಿಗೆ ಅದು ಯಾವ ಬಗೆಯ ತಾಕು ಅಂತ ಹೇಳುವುದಿಲ್ಲ, ಗೂಟಕ್ಕೆ ನಂಬರ್ ಮಾತ್ರ ಇರುತ್ತದೆ. ಮಳೆ ಸರಿಯಾಗಿ ಬಂದು, ತೆನೆ ಹೊರಡುವಾಗ ಮೋಡ, ಸೋನೆ ಇಲ್ಲದೇ ಹೋದರೆ ಯಾವ ತಾಕಿನಲ್ಲೂ ರೋಗ ಬಾರದೇ ಇರಬಹುದು. ಆಗ ರೋಗದ ಪ್ರಶ್ನೆಗೆ ಆ ವರ್ಷ ಉತ್ತರ ಸಿಗುವುದಿಲ್ಲ, ಇನ್ನೊಂದು ಹಂಗಾಮು ಕಾಯಬೇಕು.

ಆಗ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಅದಕ್ಕೇ ಇಷ್ಟು ವಿವರವಾಗಿ ನಿಮಗೆ ಹೇಳುತ್ತಿರುವುದು. ಎಣಿಕೆಗೆ ಜನ ಬೇಕು. ಹನ್ನೆರಡು ತಾಕು, ಒಂದೊಂದರಲ್ಲೂ ನೂರಾರು ತೆನೆ. ಮೊದಲ ವರ್ಷದವರಿಗೆ ಆಗದ ಕೆಲಸವೇನಲ್ಲ, ಕಪ್ಪು ಕುತ್ತಿಗೆ ಯಾವುದು, ಹುಳು ಕೊರೆದದ್ದು ಯಾವುದು ಅಂತ ಈಗ ನಿಮಗೆ ಗೊತ್ತಲ್ಲ. ಬರುವವರು ಹಾಸ್ಟೆಲಿನಲ್ಲಿ ನನ್ನ ಹತ್ತಿರ ಹೆಸರು ಬರೆಸಿ. ಒಂದು ತಕ್ಕಡಿಯನ್ನೂ ಹೊಂದಿಸಿಕೊಳ್ಳಬೇಕು, ದೊಡ್ಡದು, ಹೊರೆ ತೂಗುವಂಥದ್ದು. ಹೊಲ ಕೊಡಲು ಅಮ್ಮ ಒಂದೇ ಒಂದು ಷರತ್ತು ಹಾಕಿದ್ದಾರೆ. ಹನ್ನೆರಡೂ ತಾಕಿನಲ್ಲಿ ಕಾಳಿನ ಜೊತೆಗೆ ಒಣಗಿದ ಹುಲ್ಲನ್ನೂ ಬೇರೆ ಬೇರೆಯಾಗಿ, ಅವರ ಕಣ್ಣೆದುರಿಗೇ ತೂಗಬೇಕು.